ಡೀಲರ್‌ಶಿಪ್ ಕೇಳಿ ಬರೆದ ಎರಡು ಪತ್ರ

ನನ್ನದು ಸಣ್ಣ ಊರಿನ ಬೀಜ, ಗೊಬ್ಬರ, ಔಷಧಿ ಅಂಗಡಿ. ಬೇರೆ ಡೀಲರ್‌ಗಳಿಂದ ಮಾಲು ತಂದು ಮಾರುತ್ತಿದ್ದೆ. ಮಾರ್ಜಿನ್ ಬಹುಪಾಲು ಅವರಿಗೇ ಹೋಗುತ್ತಿತ್ತು. ಸೀಸನ್ ಬಿಸಿಯಾದಾಗ ಅವರು ಮೊದಲು ತಮ್ಮ ಕೌಂಟರ್ ತುಂಬಿಸಿಕೊಳ್ಳುತ್ತಿದ್ದರು, ನನಗೆ ಉಳಿದರೆ ಉಂಟು. ಅದಕ್ಕೆ ಲಘು ಪೋಷಕಾಂಶ ಮತ್ತು ಗೊಬ್ಬರ ತಯಾರಿಸುವ ಒಂದು ಕಂಪನಿಗೆ ನೇರವಾಗಿ ಡೀಲರ್‌ಶಿಪ್ ಕೇಳಿ ಪತ್ರ ಬರೆದೆ.

ಮೊದಲ ಪತ್ರದಲ್ಲಿ ‘ನಮ್ಮದು ವಿಶಾಲವಾದ ಅಂಗಡಿ, ಸುತ್ತಲಿನ ಹಳ್ಳಿಗಳ ಅಪಾರ ರೈತರು ನಮ್ಮ ಗ್ರಾಹಕರು’ ಅಂತ ಬರೆದಿದ್ದೆ. ಉತ್ತರವೇ ಬರಲಿಲ್ಲ. ಎರಡು ತಿಂಗಳ ಮೇಲೆ ಆ ಕಂಪನಿಯ ಸೇಲ್ಸ್ ಆಫೀಸರ್ ಬೇರೆ ಕೆಲಸಕ್ಕೆ ಈ ಕಡೆ ಬಂದಾಗ ಕೇಳಿದೆ. ‘ಯಜಮಾನ್ರೇ, ಎಲ್ಲರೂ ಇದನ್ನೇ ಬರೀತಾರೆ. ಎಷ್ಟು ಚೀಲ ಇಡ್ತೀರಿ, ಯಾವ ಬೆಳೆಯವರು ಬರ್ತಾರೆ, ದುಡ್ಡು ಯಾವಾಗ ಕಟ್ತೀರಿ, ಇಷ್ಟು ಹೇಳಿ’ ಅಂದರು.

ಅವತ್ತೇ ಟೇಪ್ ಹಿಡಿದು ಅಳೆದೆ. ಅಂಗಡಿ 14 ಅಡಿ ಅಗಲ, 22 ಅಡಿ ಉದ್ದ. ಹಿಂದಿನ ಗೋಡೌನ್ 20ಕ್ಕೆ 30, ಅಂದರೆ 600 ಚದರಡಿ. ಸಾವಿರ ಚೀಲ ಹಿಡಿಯುತ್ತದೆ ಅಂತ ನಾನು ಅಂದುಕೊಂಡಿದ್ದೆ. ಆದರೆ ಗೋಡೆಗೆ ತಾಗಿಸಿ ಗೊಬ್ಬರ ಇಟ್ಟರೆ ತೇವ ಹಿಡಿದು ಗಟ್ಟಿಯಾಗುತ್ತದೆ. ಗೋಡೆಯಿಂದ ಜಾಗ ಬಿಡಬೇಕು, ಹಮಾಲರು ಓಡಾಡಲು ದಾರಿ ಬಿಡಬೇಕು, ಕೆಳಗೆ ಮರದ ಹಲಗೆ ಹಾಕಬೇಕು. ಇಷ್ಟೆಲ್ಲ ಕಳೆದರೆ ಕೈಗೆ ಸಿಗುವುದು ಸುಮಾರು 360 ಚದರಡಿ. 50 ಕೆಜಿಯ ಒಂದು ಚೀಲಕ್ಕೆ 6 ಚದರಡಿ ಹಿಡಿದರೆ 60 ಅಟ್ಟಿ. ಒಂದೊಂದರಲ್ಲಿ 10 ಚೀಲ. ಹಾಗಾಗಿ 600 ಚೀಲ, 30 ಟನ್. ಎರಡನೇ ಪತ್ರದಲ್ಲಿ ಇದನ್ನೇ ಬರೆದೆ. ಔಷಧಿಗೆ ಬೀಗ ಹಾಕುವ ಬೇರೆ ಕೋಣೆ ಇದೆ, ಬೀಜ ಅಲ್ಲಿಗೆ ಹೋಗುವುದಿಲ್ಲ ಅನ್ನುವುದನ್ನೂ ಸೇರಿಸಿದೆ.

ಗ್ರಾಹಕರ ಲೆಕ್ಕಕ್ಕೆ ಮೂರು ರಾತ್ರಿ ಹಿಡಿಯಿತು. ಎರಡು ಸೀಸನ್ನಿನ ಬಿಲ್ ಬುಕ್ಕು, ಉದ್ರಿ ಪುಸ್ತಕ ಎದುರಿಗಿಟ್ಟುಕೊಂಡು ಕೂತೆ. ಒಟ್ಟು 412 ಹೆಸರು ಸಿಕ್ಕವು. ಒಂದೇ ಸಲ ಬಂದು ಹೋದವರನ್ನು ಬಿಟ್ಟೆ. ಮೂರು ಸಲಕ್ಕಿಂತ ಜಾಸ್ತಿ ಬಂದವರು 230 ಜನ. ಅವರನ್ನು ಹಳ್ಳಿವಾರು, ಬೆಳೆವಾರು ಬರೆದೆ. ಮೆಣಸಿನಕಾಯಿ ಬೆಳೆಯುವವರು 64 ಜನ, ಅವರ ಹೊಲ ಸೇರಿಸಿದರೆ ಸುಮಾರು 110 ಎಕರೆ.

ಇದು ಸಿಕ್ಕ ಮೇಲೆ ಮಾರಾಟದ ಅಂದಾಜು ತಾನಾಗಿ ಬಂತು. ಕಂಪನಿಯ ದ್ರವ ಪೋಷಕಾಂಶವನ್ನು ಲೀಟರ್ ನೀರಿಗೆ 2 ಮಿಲಿ ಹಾಕಬೇಕು. ಎಕರೆಗೆ 200 ಲೀಟರ್ ನೀರು ಅಂದರೆ 400 ಮಿಲಿ. ಸೀಸನ್ನಿಗೆ ಎರಡು ಸಿಂಪಡಣೆ, 110 ಎಕರೆ: ಒಟ್ಟು 88 ಲೀಟರ್. ಎಲ್ಲರೂ ನನ್ನ ಮಾತು ಕೇಳುತ್ತಾರಾ? ಇಲ್ಲ. ಅರ್ಧ ಹಿಡಿದೆ, 44 ಲೀಟರ್. ಒಂದು ಬಾಕ್ಸಿನಲ್ಲಿ ಲೀಟರಿನ 10 ಬಾಟಲಿ, ಹಾಗಾಗಿ ಮೊದಲ ಆರ್ಡರ್ 5 ಬಾಕ್ಸ್ ಅಂತ ಬರೆದೆ.

ಬರೆಯಲು ಕೈ ತಡೆದದ್ದು ಉದ್ರಿ ವಿಷಯಕ್ಕೆ. ನನ್ನ ಹತ್ತು ಬಿಲ್ಲಿನಲ್ಲಿ ಆರು ಉದ್ರಿ, ಫಸಲು ಬಂದ ಮೇಲೆ ವಸೂಲಿ. ಮುಚ್ಚಿಟ್ಟರೆ ಮೊದಲ ಕಂತಿನಲ್ಲೇ ಸಿಕ್ಕಿಬೀಳುತ್ತೇನೆ ಅಲ್ವಾ? ಇದ್ದದ್ದನ್ನು ಇದ್ದ ಹಾಗೆ ಬರೆದೆ. ಮೊದಲ ಲೋಡಿಗೆ ಪೂರ್ತಿ ಹಣ ಮುಂಗಡ, ಆಮೇಲೆ 30 ದಿನದ ಗಡುವು ಕೊಡಿ ಅಂತ ಕೇಳಿ, ಒಂದು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆಗಿಟ್ಟೆ. ಆ ಕಂಪನಿಯ ಡೀಲರ್‌ಗಳಲ್ಲಿ ನನಗೆ ಹತ್ತಿರದವರು 18 ಕಿಲೋಮೀಟರ್ ದೂರದಲ್ಲಿದ್ದರು. ನನ್ನ 14 ಹಳ್ಳಿಗಳಲ್ಲಿ ಅವರಿಗೂ ಗಿರಾಕಿ ಇರುವುದು ಮೂರರಲ್ಲಿ ಮಾತ್ರ. ಆ ಮೂರರ ಹೆಸರನ್ನೂ ಬರೆದೆ. ನಾನು ಆಗಲೇ ಮಾರುತ್ತಿದ್ದ ಬೇರೆ ಕಂಪನಿಗಳ ಮಾಲಿನ ಪಟ್ಟಿಯನ್ನೂ ಕೊಟ್ಟೆ.

ಒಂಬತ್ತನೇ ದಿನ ಆಫೀಸರ್ ಬಂದರು. ಗೋಡೌನ್ ಅಳೆದರು, ಹೊಂದಿತು. ಉದ್ರಿ ಪುಸ್ತಕದಲ್ಲಿ ಎಲ್ಲೋ ಒಂದು ಪುಟ ತೆರೆದು, ಅಲ್ಲಿದ್ದ ಇಬ್ಬರು ರೈತರಿಗೆ ನನ್ನೆದುರೇ ಫೋನ್ ಮಾಡಿದರು. ಆಮೇಲೆ, ‘20 ಬಾಕ್ಸ್ ತಗೊಳ್ಳಿ, ಸ್ಕೀಮ್ ಇದೆ’ ಅಂದರು. ಸ್ಕೀಮಿನ ಆಸೆಗೆ ತುಂಬಿಕೊಂಡು, ಡೇಟ್ ಮುಗಿದ ಬಾಟಲಿಗಳನ್ನು ಮೂಲೆಗೆ ಹಾಕಿದವರನ್ನು ನೋಡಿದ್ದೇನೆ. ‘ಲೆಕ್ಕ ನಿಮ್ಮ ಕೈಯಲ್ಲೇ ಇದೆ ಸರ್, 5 ಸಾಕು’ ಅಂದೆ.

ಲೈಸೆನ್ಸಿಗೆ ಬೇಕಾದ ಕಂಪನಿಯ ಅಧಿಕಾರ ಪತ್ರ ಲಘು ಪೋಷಕಾಂಶಕ್ಕೆ ಮಾತ್ರ ಬಂತು. ಚೀಲದ ಗೊಬ್ಬರವನ್ನು ಒಂದು ಸೀಸನ್ ನೋಡಿ ಕೊಡುತ್ತೇವೆ ಅಂದರು. ಆ ಸೀಸನ್ 5 ಬಾಕ್ಸಿನಲ್ಲಿ 43 ಲೀಟರ್ ಹೋಯಿತು, 7 ಬಾಟಲಿ ಉಳಿದವು. ಮುಂದಿನ ಆರ್ಡರಿಗೆ ಮೊದಲು ಎಕರೆ ಪಟ್ಟಿಯನ್ನು ಮತ್ತೆ ಹೊಸದಾಗಿ ಬರೆದು ಕಳಿಸಿದೆ. ಈ ಸಲ ಗೊಬ್ಬರದ ಕಾಲಂ ಕೂಡ ಇತ್ತು.