ಕ್ಯೂಸೆಕ್ ಬಿಟ್ಟು ಸೇತುವೆ ಹಿಡಿದೆವು: ಪ್ರವಾಹದ ಎಚ್ಚರಿಕೆ ತಿದ್ದಿದ ಅನುಭವ

ನದಿಗೆ ನೀರು ಬಿಟ್ಟಾಗ ಹೊರಡುವ ಎಚ್ಚರಿಕೆಯ ಮಾದರಿ ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ. ಮೊದಲು ವಿಷಯ, ಆಮೇಲೆ ಉಲ್ಲೇಖ 1, 2, 3. ಹತ್ತನೇ ಸಾಲಿನ ಆಸುಪಾಸಿನಲ್ಲಿ ಎಷ್ಟು ಲಕ್ಷ ಕ್ಯೂಸೆಕ್ ಎಂಬ ಲೆಕ್ಕ. ಕೊನೆಗೆ "ನದಿ ಪಾತ್ರದ ಜನರು ಸುರಕ್ಷಿತ ಸ್ಥಳಗಳಿಗೆ ತೆರಳಲು ಸೂಚಿಸಲಾಗಿದೆ". ಓದಿದವರಿಗೆ ತಮ್ಮ ಊರು ಅದರಲ್ಲಿ ಸೇರಿದೆಯೋ ಇಲ್ಲವೋ ತಿಳಿಯುವುದಿಲ್ಲ.

ನಾವು ಕೈಹಾಕಿದ್ದು ನಾರಾಯಣಪುರದ ಬಸವಸಾಗರದಿಂದ ಕೆಳಗಿನ ಕೃಷ್ಣಾ ತೀರದ ಪ್ರಕಟಣೆಗೆ. ಭಾಷೆ ಸರಳ ಮಾಡಿದರೆ ಆದೇಶದ ಬಲ ಹೋಗುತ್ತದೆ ಎಂದು ಹಲವರು ತಲೆಯಾಡಿಸಿದರು. ಉಪಾಯ ದೊಡ್ಡದೇನಲ್ಲ. ಆದೇಶವನ್ನು ಮೊದಲಿನಂತೆಯೇ ಕಡತದಲ್ಲಿ ಉಳಿಸಿ, ಜನರಿಗೆ ಹೋಗುವ ಒಂದು ಪುಟದ ಕೊನೆಯ ಸಾಲಿನಲ್ಲಿ ಆದೇಶ ಸಂಖ್ಯೆ ಹಾಕಿದರೆ ಮುಗಿಯಿತು.

ಬಲವಾದ ಬದಲಾವಣೆ ಎಂದರೆ ಕ್ಯೂಸೆಕ್ಕನ್ನು ಊರಿನ ಗುರುತಿಗೆ ಇಳಿಸಿದ್ದು. ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆ ಮುಳುಗಿದರೆ ಯರಗೋಡಿ, ಯಳಗುಂದಿ, ಕಡದರಗಡ್ಡಿ ಕಡೆಯವರ ಹತ್ತಿರದ ದಾರಿ ಬಂದ್. ನೀರು ಇನ್ನೂ ಏರಿದರೆ ದೇವದುರ್ಗದ ಕಡೆ ಹೂವಿನಹೆಡಗಿ ಸೇತುವೆಯ ಚಿಂತೆ. ಹಳೆಯ ವರ್ಷಗಳ ಹೊರಹರಿವಿನ ಪಟ್ಟಿಯನ್ನೂ ಸೇತುವೆ ಮುಳುಗಿದ ದಿನ, ಗಂಟೆಯನ್ನೂ ಅಕ್ಕಪಕ್ಕ ಇಟ್ಟು, ಎಷ್ಟು ಬಿಟ್ಟರೆ ಎಷ್ಟು ಹೊತ್ತಿಗೆ ಯಾವ ಸೇತುವೆ ಎಂಬ ಕೋಷ್ಟಕ ಮಾಡಿಕೊಂಡೆವು. ಗಂಟೆ ಪಕ್ಕಾ ಸಿಗುವುದು ಕಚೇರಿಯ ವರದಿಯಲ್ಲಲ್ಲ. ಎಲ್ಲಿ ಸಿಗುತ್ತದೆ ಎಂಬುದನ್ನು ಸದ್ಯ ನಮ್ಮಲ್ಲೇ ಇಟ್ಟುಕೊಳ್ಳುತ್ತೇವೆ. ಒಂದು ಮಿತಿಯಂತೂ ಇದೆ: ಸ್ಥಳೀಯವಾಗಿ ಮಳೆ ಜೋರಾಗಿದ್ದು ಹಳ್ಳಗಳೂ ತುಂಬಿ ಬಂದರೆ ಕೋಷ್ಟಕ ಹೇಳಿದ್ದಕ್ಕಿಂತ ಮೊದಲೇ ನೀರು ಹತ್ತುತ್ತದೆ. ಹಾಗಾಗಿ ಹೇಳುವ ಹೊತ್ತನ್ನು ಎರಡು ಗಂಟೆ ಹಿಂದಕ್ಕೆ ಸರಿಸಿಯೇ ಬರೆಯಬೇಕು.

ಈಗ ಪುಟದ ಮೊದಲ ಸಾಲು ಹೀಗೆ: "ಜುಲೈ 26, ಶುಕ್ರವಾರ ರಾತ್ರಿ 8ರಿಂದ ಶೀಲಹಳ್ಳಿ ಸೇತುವೆ ಬಂದ್." ಎರಡನೆಯದು ಊರುಗಳ ಹೆಸರು, ತಾಲ್ಲೂಕು ಹೋಬಳಿ ಸಮೇತ, ಒಂದೇ ಹೆಸರಿನ ಊರು ಪಕ್ಕದ ತಾಲ್ಲೂಕಿನಲ್ಲೂ ಇರುತ್ತದೆ. ಮೂರನೆಯದು ಮಾಡಬೇಕಾದ್ದು: "ಪಂಪ್‌ಸೆಟ್ ಮೋಟಾರು, ದನ ಸಂಜೆ 5ರೊಳಗೆ ಮೇಲಕ್ಕೆ ತನ್ನಿ. ಸೇತುವೆ ಮೇಲೆ ನೀರು ಕಂಡರೆ ಟ್ರ್ಯಾಕ್ಟರೂ ಇಳಿಸಬೇಡಿ." ಮೋಟಾರಿನ ಮಾತು ಬೇಕೇಬೇಕು, ರಾತ್ರಿ ಹೊತ್ತು ಜನ ನದಿಗೆ ಇಳಿಯುವುದು ಅದಕ್ಕೇ. ಕ್ಯೂಸೆಕ್ ಲೆಕ್ಕ ನಾಲ್ಕನೇ ಸಾಲಿಗೆ ಹೋಯಿತು, ಪತ್ರಕರ್ತರಿಗೆ ಅದು ಬೇಕು.

"ಇಂದು", "ನಾಳೆ", "ಮಧ್ಯರಾತ್ರಿ" ಮೂರನ್ನೂ ತೆಗೆದು ಹಾಕಿದೆವು. ವಾಟ್ಸ್ಆ್ಯಪ್‌ನಲ್ಲಿ ಮೂರು ದಿನದ ಹಿಂದಿನ "ಇಂದು" ಕೂಡ ಇವತ್ತಿನದೇ ಆಗಿಬಿಡುತ್ತದೆ. ಪ್ರತಿ ಪುಟದ ತಲೆಯಲ್ಲಿ "ಪ್ರಕಟಣೆ 4, ಇದು ಬಂದ ಮೇಲೆ 3 ರದ್ದು" ಎಂದು ಬರೆದರೆ ಹಳೆಯದರ ಓಡಾಟ ತಗ್ಗುತ್ತದೆ.

ದುಡ್ಡು ಸೋರಿದ್ದು ಎಸ್ಸೆಮ್ಮೆಸ್‌ನಲ್ಲಿ. ಕನ್ನಡದಲ್ಲಿ ಒಂದು ಸಂದೇಶಕ್ಕೆ 70 ಅಕ್ಷರ. ಮೀರಿದರೆ 67ರಂತೆ ತುಂಡಾಗುತ್ತದೆ, ಬಿಲ್ಲು ತುಂಡಿನ ಲೆಕ್ಕದಲ್ಲಿ ಬರುತ್ತದೆ. ಒತ್ತು, ಗುಣಿತದ ಗುರುತು ಎಲ್ಲವೂ ಎಣಿಕೆಗೆ ಬರುವುದರಿಂದ "ಕೃಷ್ಣಾ" ಒಂದಕ್ಕೇ ಆರು ಹೋಗುತ್ತದೆ. ಮೊದಲಿನ ಒಕ್ಕಣೆ ಐದಾರು ತುಂಡು ಆಗುತ್ತಿತ್ತು. ಈಗಿನದು 65 ಅಕ್ಷರ:

"ಕೃಷ್ಣಾ ನೀರು: ಶೀಲಹಳ್ಳಿ ಸೇತುವೆ 26ರ ರಾತ್ರಿ 8ರಿಂದ ಬಂದ್. ದಾಟಬೇಡಿ. 1077"

ಕೊನೆಯ 1077 ಜಿಲ್ಲಾ ಸಹಾಯವಾಣಿಯ ಸಂಖ್ಯೆ. ಖರ್ಚು ಸುಮಾರು ಐದನೇ ಒಂದಕ್ಕೆ ಇಳಿಯಿತು. ಸಾಮೂಹಿಕ ಎಸ್ಸೆಮ್ಮೆಸ್‌ಗೆ ಮೊದಲೇ ನೋಂದಾಯಿಸುವ ಟೆಂಪ್ಲೇಟಿನಲ್ಲಿ ಆಮೇಲೆ ತುಂಬುವ ಪ್ರತಿ ಖಾಲಿ ಜಾಗಕ್ಕೂ ಅಕ್ಷರಗಳ ಮಿತಿ ಇದೆ, ಊರುಗಳ ಪಟ್ಟಿ ಅಲ್ಲಿ ಹಿಡಿಸುವುದಿಲ್ಲ. ಮಳೆಗಾಲಕ್ಕೆ ಮುಂಚೆಯೇ ಸೇತುವೆಗೊಂದು ಟೆಂಪ್ಲೇಟ್ ಮಾಡಿಸಿಡಿ, ದಿನ, ಗಂಟೆ ಮಾತ್ರ ಖಾಲಿ ಇರಲಿ.

ಇನ್ನೊಂದು ಕಾಟ ನುಡಿ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಅಂಟಿಸಿದರೆ ಫೋನಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಯೂನಿಕೋಡಿಗೆ ಪರಿವರ್ತಿಸಿದ ಮೇಲೂ ಅರ್ಕಾವತ್ತು ಇರುವ ಊರಿನ ಹೆಸರುಗಳನ್ನು ಕಣ್ಣಿಟ್ಟು ನೋಡಬೇಕು, ಎಡವುವುದು ಅಲ್ಲೇ.

ಬಣ್ಣದ ಪೋಸ್ಟರನ್ನೂ ಮಾಡಿ ನೋಡಿದೆವು. ಹವಾಮಾನ ಇಲಾಖೆಯ ಹಳದಿ, ಕಿತ್ತಳೆ, ಕೆಂಪು ಪರದೆಯಲ್ಲಿ ಚೆಂದ. ಪಂಚಾಯಿತಿಯಲ್ಲಿ ಝೆರಾಕ್ಸ್ ಆಗಿ ಫಲಕಕ್ಕೆ ಏರುವಾಗ ಎಲ್ಲವೂ ಬೂದು. ಹಾಗಾಗಿ ಬಣ್ಣದ ಹೆಸರನ್ನು ಅಕ್ಷರದಲ್ಲೂ ಬರೆಯುತ್ತೇವೆ.

ಅಂತಿಮ ಪ್ರತಿಯನ್ನು ಡಂಗುರ ಸಾರುವವರ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸುತ್ತೇವೆ. ಎಲ್ಲಿ ಉಸಿರು ಸಾಲದೋ ಅಲ್ಲಿ ವಾಕ್ಯ ತುಂಡು ಮಾಡಬೇಕು. ಆಟೊದ ಮೈಕಿನಲ್ಲಿ ಕೂಗಲು ಇಪ್ಪತ್ತು ಸೆಕೆಂಡಿಗಿಂತ ಉದ್ದವಿದ್ದರೆ ಓಣಿ ದಾಟುವಷ್ಟರಲ್ಲಿ ಅರ್ಧ ಮನೆಗೆ ಮೊದಲ ಸಾಲು, ಉಳಿದರ್ಧಕ್ಕೆ ಕೊನೆಯ ಸಾಲು ಮಾತ್ರ ಕೇಳಿಸಿರುತ್ತದೆ.