‘ಅಂದಳು’ ಇಲ್ಲದ ಅಧ್ಯಾಯವನ್ನು ಒಂದೇ ದನಿಯಲ್ಲಿ ಓದಿದ್ದು

ಆಡಿಯೋಬುಕ್‌ಗಾಗಿ ನಾನು ಓದಬೇಕಿದ್ದದ್ದು ಮೂರು ಜನ ಮಾತಾಡುವ ಅಧ್ಯಾಯ. ಸುಮಾರು ಇಪ್ಪತ್ತು ಪುಟ, ‘ಅಂದ’, ‘ಅಂದಳು’ ಹುಡುಕಿದರೂ ಸಿಗುವುದಿಲ್ಲ. ಒಬ್ಬನೇ ಓದಿದರೆ ಯಾರ ಮಾತು ಯಾರದೆಂದು ತಿಳಿಯುವುದಿಲ್ಲ, ಮೂವರು ಕಲಾವಿದರು ಬೇಕೇ ಬೇಕು ಎಂದು ಜೊತೆಯವರೆಲ್ಲ ಹೇಳಿದ್ದರು. ಮೂವರನ್ನು ಕರೆಸಿದರೆ ಮಡಿಕೇರಿಗೆ ಬಂದು ಹೋಗುವ ಖರ್ಚೂ ಸೇರಿ, ಸಿದ್ಧ ಆಡಿಯೋದ ಗಂಟೆಗೆ ನನಗೆ ಸಿಗುವ ಎರಡೂವರೆ ಸಾವಿರದ ಆಸುಪಾಸಿನ ಹಣದಲ್ಲಿ ಏನೂ ಉಳಿಯುವುದಿಲ್ಲ. ಒಬ್ಬನೇ ಓದಿದೆ. ಈಗ ಆ ಅಧ್ಯಾಯ ಕೇಳಿದವರು ಯಾರ ಮಾತೆಂದು ಕೇಳುವುದಿಲ್ಲ, ಮುಂದೇನಾಯ್ತು ಎಂದು ಕೇಳುತ್ತಾರೆ.

ಕೆಲಸಕ್ಕೆ ಬಾರದ ದಾರಿಗಳನ್ನು ಮೊದಲು ಹೇಳುತ್ತೇನೆ, ದುಡ್ಡು ಹೋಗುವುದು ಅಲ್ಲೇ. ಸಾಫ್ಟ್‌ವೇರ್‌ನಲ್ಲಿ ಪಿಚ್ ಏರಿಸಿ ಹೆಂಗಸಿನ ದನಿ ಮಾಡಿದರೆ ಸ್ವರಗಳು ಡಬ್ಬಿಯೊಳಗಿಂದ ಬಂದಂತೆ ಕೇಳುತ್ತವೆ. ಗಂಡಸು ಗಂಟಲು ಹಿಡಿದು ಕೀರಲು ದನಿ ತೆಗೆದರೆ ಅದು ನಾಟಕದ ವಿದೂಷಕನ ದನಿಯಾಗುತ್ತದೆ. ಒಬ್ಬರನ್ನು ಎಡಕ್ಕೆ, ಇನ್ನೊಬ್ಬರನ್ನು ಬಲಕ್ಕೆ ಹಾಕಿದರೆ ಒಂದೇ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ತೋಟ ಸುತ್ತುವವರಿಗೆ ಅರ್ಧ ಸಂಭಾಷಣೆಯೇ ಕೇಳಿಸದು. ಒಬ್ಬೊಬ್ಬರ ಸಾಲುಗಳನ್ನು ಬೇರೆ ಬೇರೆಯಾಗಿ ರೆಕಾರ್ಡ್ ಮಾಡಿ ಆಮೇಲೆ ಜೋಡಿಸುವುದು ಎಲ್ಲಕ್ಕಿಂತ ದುಬಾರಿ: ಅರ್ಧ ಗಂಟೆಯ ಆಡಿಯೋಗೆ ಎರಡು ಮೂರು ದಿನದ ಎಡಿಟಿಂಗ್. ಅಷ್ಟು ಮಾಡಿದರೂ ಯಾರೂ ಯಾರಿಗೂ ಉತ್ತರ ಕೊಟ್ಟಂತೆ ಕೇಳುವುದಿಲ್ಲ, ಏಕೆಂದರೆ ಓದುವಾಗ ಎದುರಿನ ಮಾತು ಕಿವಿಯಲ್ಲಿ ಇರಲೇ ಇಲ್ಲ.

ಕನ್ನಡದಲ್ಲಿ ‘ಅಂದಳು’ ಇದ್ದರೂ ಸಾಮಾನ್ಯವಾಗಿ ಅದು ಬರುವುದು ಮಾತು ಮುಗಿದ ಮೇಲೆ. ಕೇಳುವವನಿಗೆ ಅಷ್ಟು ಹೊತ್ತು ಕಾಯಲು ಆಗದು. ಅವನಿಗೆ ಮೊದಲ ಪದದಲ್ಲೇ ಗುರುತು ಸಿಗಬೇಕು. ಆದ್ದರಿಂದ ನಾನು ದನಿಯ ಎತ್ತರವನ್ನು ಮುಟ್ಟುವುದಿಲ್ಲ. ಮೊದಲ ಪದದ ವೇಗ, ಮೈಕಿಗೆ ಮುಖದ ಓರೆ, ಸಾಲಿನ ಬಾಲ ಅಂದರೆ ಸಾಲು ಮುಗಿಯುವ ರೀತಿ, ಈ ಮೂರನ್ನೇ ಬದಲಿಸುತ್ತೇನೆ. ಪ್ರತಿ ಪಾತ್ರಕ್ಕೆ ಮೂರೂ ಬೇರೆಯಾಗಿರಬೇಕು. ಒಂದೇ ಬೇರೆಯಾದರೆ ಐದಾರು ಸಾಲಿಗೆ ಕಿವಿ ತಪ್ಪುತ್ತದೆ.

ಅಧ್ಯಾಯದ ಈ ತುಂಡು ನೋಡಿ. ತೋಟದ ಮನೆ; ಮಗ, ಅವ್ವ, ತೋಟದ ಲೆಕ್ಕ ಬರೆಯುವ ರೈಟರ್.

“ಮೆಣಸು ಎಷ್ಟು ತೂಗಿತು?”
“ನಿನ್ನೆಯದ್ದೂ ಸೇರಿಸಿ ಹೇಳ್ಲಾ ಸಾರ್?”
“ಸೇರಿಸಿ.”
“ಮೂರು ಚೀಲ ಕಮ್ಮಿ ಅಂತ ಹೇಳೋಕೆ ಇಷ್ಟು ಸುತ್ತಬೇಕಾ?”
“ಅವ್ವ, ನೀನು ಸುಮ್ಮನಿರು.”
“ನಾನು ಸುಮ್ಮನಿದ್ದದ್ದಕ್ಕೇ ಮೂರು ಚೀಲ ಹೋಗಿದ್ದು.”
“ಎಲ್ಲಾ ಪುಸ್ತಕದಲ್ಲಿದೆ ಅಮ್ಮ.”
“ಪುಸ್ತಕ ತನ್ನಿ.”

ಕೊನೆಯ ಸಾಲು ಯಾರದು? ಬಿಸಿಯಲ್ಲಿ ಅವ್ವನದೆಂದು ಓದಿಬಿಡಬಹುದು. ಆದರೆ ಇಡೀ ಅಧ್ಯಾಯದಲ್ಲಿ ಅವ್ವ ರೈಟರನ್ನು ಏಕವಚನದಲ್ಲೇ ಕರೆಯುತ್ತಾಳೆ. ಅವಳಾಗಿದ್ದರೆ ‘ತಾ’ ಅನ್ನುತ್ತಿದ್ದಳು. ‘ತನ್ನಿ’ ಮಗನ ಮಾತು, ಅಂದರೆ ಮಗ ಇಲ್ಲಿ ಅವ್ವನ ಪಕ್ಷಕ್ಕೆ ಬಂದ. ಮೈಕ್ ಆನ್ ಮಾಡುವ ಮೊದಲು ಯಾರು ಯಾರಿಗೆ ನೀನು, ಯಾರು ಯಾರಿಗೆ ನೀವು ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು ಪ್ರತಿ ಸಾಲಿಗೂ ಪೆನ್ಸಿಲ್‌ನಲ್ಲಿ ಗುರುತು ಹಾಕಬೇಕು. ಅದಕ್ಕೂ ಬಗೆಹರಿಯದ ಸಾಲನ್ನು ಲೇಖಕರನ್ನೇ ಕೇಳುತ್ತೇನೆ.

ಇನ್ನು ಓದುವ ರೀತಿ. ಮಗನ ಮಾತಿಗೆ ಮುಖ ಮೈಕಿಗೆ ನೇರ, ಹದಿನೈದು ಇಪ್ಪತ್ತು ಸೆಂಟಿಮೀಟರ್ ದೂರ. ಪದಗಳು ಚುರುಕು, ಬಾಲ ಕತ್ತರಿಸಿದಂತೆ. ರೈಟರಿಗೆ ಮುಖ ಬಲಕ್ಕೆ ಇಪ್ಪತ್ತು ಡಿಗ್ರಿಯಷ್ಟು ಓರೆ. ಬಾಲ ಸ್ವಲ್ಪ ಮೇಲೆ, ಅನುಮತಿ ಕೇಳುವವನಂತೆ. ಅವ್ವನಿಗೆ ಎಡಕ್ಕೆ ಅಷ್ಟೇ ಓರೆ, ಮೊದಲ ಪದ ನಿಧಾನ, ಬಾಲ ಕೆಳಗಿಳಿದು ಅಲ್ಲೇ ಕೂರುತ್ತದೆ. ಒಂದೇ ಚಾನೆಲ್‌ನ ಮೋನೋ ರೆಕಾರ್ಡಿಂಗ್‌ನಲ್ಲಿ ಎಡ ಬಲ ಕೇಳಿಸುವುದಿಲ್ಲ ನಿಜ. ಆದರೆ ಓರೆಯಾದಾಗ ‘ಸ’, ‘ಷ’ಗಳ ಹರಿತ ತಗ್ಗುತ್ತದೆ, ನೇರ ಮಾತಾಡುವ ಮಗನಿಂದ ಇಬ್ಬರೂ ಬೇರೆಯಾಗುತ್ತಾರೆ. ಎಡ ಬೇರೆ, ಬಲ ಬೇರೆ ಇಟ್ಟುಕೊಳ್ಳುವುದು ಓದುವವನ ಮೈಗೆ ಪಾತ್ರ ನೆನಪಿರಲಿ ಎಂದು. ಮುಖ ತಿರುಗಿಸಿ, ಹಿಂದೆ ಮಾತ್ರ ಸರಿಯಬೇಡಿ. ದೂರ ದುಪ್ಪಟ್ಟಾದರೆ ದನಿ ಆರು ಡೆಸಿಬಲ್‌ನಷ್ಟು ಇಳಿಯುತ್ತದೆ. ಅದನ್ನು ಏರಿಸಹೋದರೆ ಕೋಣೆಯ ಸದ್ದೂ ಜೊತೆಗೇ ಏರುತ್ತದೆ.

ಸಾಲುಗಳ ನಡುವಿನ ಬಿಡುವೂ ಮಾತಾಡುತ್ತದೆ. ‘ಸೇರಿಸಿ’ ಕಾಲು ಸೆಕೆಂಡಿನಲ್ಲಿ ಬರಬೇಕು. ರೈಟರಿನ ‘ನಿನ್ನೆಯದ್ದೂ’ಗಿಂತ ಮುಂಚೆ ಮುಕ್ಕಾಲು ಸೆಕೆಂಡು, ಅವನು ಹೇಳಲು ಹಿಂಜರಿಯುತ್ತಿದ್ದಾನೆ. ‘ಸುಮ್ಮನಿರು’ ಆದ ಮೇಲೆ ಅವ್ವನಿಗೆ ಬಿಡುವೇ ಇಲ್ಲ. ಆದರೆ ಬಿಡುವನ್ನೇ ನಂಬಿ ಕೂರಬಾರದು: ಅನೇಕರು ಒಂದೂವರೆ ಪಟ್ಟು ವೇಗದಲ್ಲಿ ಕೇಳುತ್ತಾರೆ, ಆಗ ಬಿಡುವೆಲ್ಲ ಕುಗ್ಗಿಹೋಗುತ್ತದೆ. ನಾನೂ ಆ ವೇಗದಲ್ಲೇ ಕೇಳಿ ನೋಡುತ್ತೇನೆ.

ನಡುವೆ ಮಾತು ತಪ್ಪಿದರೆ ಆ ಸಾಲನ್ನಷ್ಟೇ ಮತ್ತೆ ಓದಿದರೆ ಅಂಟಿಸಿದ್ದು ಗೊತ್ತಾಗುತ್ತದೆ. ಅಡಾಸಿಟಿ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ಹಿಂದಿನವರ ಸಾಲು ಮುಗಿಯುವಲ್ಲಿ ಕರ್ಸರ್ ಇಟ್ಟು `Shift+D` ಒತ್ತಿ. ಐದು ಸೆಕೆಂಡು ಹಿಂದಿನಿಂದ ಎದುರಿನವರ ಮಾತು ಹೆಡ್‌ಫೋನಿನಲ್ಲಿ ಕೇಳಿಸುತ್ತದೆ. ಅದು ಮುಗಿದೊಡನೆ ರೆಕಾರ್ಡಿಂಗ್ ತಾನೇ ಶುರುವಾಗುತ್ತದೆ, ಅದಕ್ಕೇ ಉತ್ತರ ಕೊಡಿ. ಈ ಒಂದು ಅಭ್ಯಾಸದಿಂದ ನನ್ನ ಎಡಿಟಿಂಗ್ ಅರ್ಧಕ್ಕಿಂತ ಕೆಳಗಿಳಿದಿದೆ.

ಪರೀಕ್ಷೆಗೆ ಕಥೆ ಓದಿಲ್ಲದವರನ್ನು ಕೂರಿಸಿ ಮಗನಿಗೆ ಒಂದು, ರೈಟರಿಗೆ ಎರಡು, ಅವ್ವನಿಗೆ ಮೂರು ಬೆರಳು ಎತ್ತಲು ಹೇಳಿ. ಬೆರಳು ಮೊದಲ ಪದಕ್ಕೇ ಎದ್ದರೆ ಸರಿ. ಸಾಲು ಮುಗಿದ ಮೇಲೆ ಎದ್ದರೆ ಆ ಸಾಲನ್ನು ಮತ್ತೆ ಓದಬೇಕು. ಸ್ಪೀಕರನ್ನು ಪಕ್ಕದ ಕೋಣೆಯಲ್ಲಿಟ್ಟು ಬಾಗಿಲು ಹಾಕಿಯೂ ನೋಡಿದೆ. ಪದ ತಿಳಿಯದಿದ್ದರೂ ಆಡುವವರು ಯಾರೆಂದು ತಿಳಿಯುತ್ತಿತ್ತು. ಲಯ ಗಟ್ಟಿಯಾಗಿದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ನನಗೆ ಬೇಕಿಲ್ಲ.

ಕೊಡಗಿನಲ್ಲಿ ಇದಕ್ಕೆಲ್ಲ ದೊಡ್ಡ ಶತ್ರು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೀಟಿನ ಮಾಡಿನ ಕೆಳಗೆ ಕೆಲಸವಾಗದು. ಮಳೆ ಬಿಟ್ಟರೆ ಜೀರುಂಡೆ. ಒಂದು ಮಟ್ಟಕ್ಕಿಂತ ಮೆಲ್ಲಗಿನ ಸದ್ದನ್ನು ಅಡಗಿಸುವ ನಾಯ್ಸ್ ಗೇಟ್ ಹಾಕಿದರೆ ಸರಿಹೋಗುತ್ತದೆ ಅನ್ನುವವರಿದ್ದಾರೆ. ಗೇಟ್ ಮೆಲುದನಿಯನ್ನೂ ಸದ್ದೆಂದೇ ಕತ್ತರಿಸುತ್ತದೆ, ಅಂದರೆ ಅವ್ವನ ಕೆಳಗಿಳಿದ ಬಾಲವೇ ಹೋಗುತ್ತದೆ, ಅದು ಹೋದರೆ ಅವ್ವನೇ ಹೋದಳು. ದಪ್ಪ ಮಣ್ಣುಗೋಡೆಯ ಒಳಕೋಣೆ, ಹಿಂದೆ ಎರಡು ಕಂಬಳಿ, ಬೆಳಗಿನ ಜಾವ, ಇಷ್ಟಿದ್ದರೆ ಕೆಲವು ವೇದಿಕೆಗಳು ಕೇಳುವ ಮೈನಸ್ ಅರವತ್ತು ಡೆಸಿಬಲ್ ಮೌನ ಗೇಟ್ ಇಲ್ಲದೆ ಸಿಗುತ್ತದೆ. ಕಾಫಿ ಚೀಲ ಪೇರಿಸಿದ ಗೋದಾಮಿನಲ್ಲೂ ಓದಿ ನೋಡಿದೆ. ಪ್ರತಿಧ್ವನಿ ಚೆನ್ನಾಗಿ ಸತ್ತಿತು, ಆದರೆ ಸಿಪ್ಪೆಯ ಧೂಳು ಗಂಟಲಿಗೆ ಇಳಿಯುತ್ತದೆ. ಕಂಬಳಿಯೇ ಲೇಸು, ಖರ್ಚೂ ಎರಡು ಸಾವಿರದೊಳಗೆ.

ನಾಲ್ಕು ಜನರವರೆಗೆ ಈ ರೀತಿ ನಡೆಯುತ್ತದೆ. ಐದನೆಯವನು ಬಂದರೆ ಓರೆಗೂ ಬಾಲಕ್ಕೂ ಜಾಗ ಉಳಿಯುವುದಿಲ್ಲ. ಅಂಥ ಕಡೆ ಲೇಖಕರ ಒಪ್ಪಿಗೆ ಪಡೆದು ಅವನ ಮೊದಲ ಸಾಲಿನ ಮುಂಚೆಯೇ ಒಂದು ಹೆಸರು ಸೇರಿಸುತ್ತೇನೆ. ಆಮೇಲಿನ ಸಾಲುಗಳಿಗೆ ಅದು ಬೇಕಾಗುವುದಿಲ್ಲ.