ಹೊಗೆ ಕುಡಿದವನಿಗೆ ಬೆಲ್ಲವಲ್ಲ, ಆಕ್ಸಿಜನ್: ನಮ್ಮ ಜಿನ್ನಿನ ಅನುಭವ

ಹತ್ತಿ ಜಿನ್ನಿನಲ್ಲಿ ವರ್ಷಗಟ್ಟಲೆ ದುಡಿದವರಿಗೆ ಬೆಂಕಿಯ ಬಗ್ಗೆ ನಾನು ಹೇಳಿಕೊಡುವಂಥದ್ದೇನೂ ಇಲ್ಲ. ಮರಳಿನ ಬಕೆಟ್ ಎಲ್ಲಿರಬೇಕು, ಪೈಪು ಎಲ್ಲಿಯತನಕ ಮುಟ್ಟಬೇಕು, ಎಲ್ಲ ನಿಮಗೆ ಗೊತ್ತಿದ್ದದ್ದೇ. ನಾನು ಬರೆಯುತ್ತಿರುವುದು ಮೈಮೇಲೆ ಒಂದು ಬೊಕ್ಕೆಯೂ ಇಲ್ಲದೆ, ಬರೀ ಹೊಗೆ ಕುಡಿದು ಹೊರಗೆ ಬಂದು ಕೂತವನ ಬಗ್ಗೆ. 108 ಬರುವತನಕ ಅವನಿಗೆ ಏನು ಮಾಡಬೇಕು ಅನ್ನುವುದಕ್ಕಾಗಿ ನಾನು ಅಣ್ಣಿಗೇರಿ ಕಡೆಯ ನಮ್ಮ ಜಿನ್ನಿಗೆ ಆಕ್ಸಿಜನ್ ಸಿಲಿಂಡರ್ ತರಿಸಿದಾಗ, "ಇದೇನ್ ಜಿನ್ನೋ ದವಾಖಾನಿಯೋ?" ಅಂದವರೇ ಹೆಚ್ಚು. ಕಳೆದ ಸೀಜನ್ ಆದ ಮೇಲೆ ಅವರೇ ಬಂದು ಮಾಸ್ಕ್ ಎಲ್ಲಿ ಸಿಗುತ್ತದೆ ಎಂದು ಕೇಳುತ್ತಿದ್ದಾರೆ.

ಹತ್ತಿಯ ಬೇಲ್ ಹತ್ತಿಕೊಂಡರೆ ಉರಿಯುವುದಕ್ಕಿಂತ ಒಳಗೊಳಗೇ ಕನಲುವುದು ಜಾಸ್ತಿ. ಮೇಲೆ ನೀರು ಹಾಕಿ ಆರಿತು ಅಂದುಕೊಂಡರೂ ನೂರಾಎಪ್ಪತ್ತು ಕಿಲೋ ಬಿಗಿದ ಹತ್ತಿಯ ಹೊಟ್ಟೆಯೊಳಗೆ ಕೆಂಡ ಇದ್ದೇ ಇರುತ್ತದೆ. ಗಾಳಿ ಸಾಲದೆ ಹೀಗೆ ಕನಲುವಾಗ ಹುಟ್ಟುವುದು ಕಾರ್ಬನ್ ಮೊನಾಕ್ಸೈಡ್. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ರಕ್ತದಲ್ಲಿ ಆಕ್ಸಿಜನ್ ಕೂರುವ ಜಾಗಕ್ಕೆ ಅದು ಇನ್ನೂರು ಪಟ್ಟಿಗಿಂತ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಹೊರಗಿನ ಗಾಳಿಯಲ್ಲಿ ಸುಮ್ಮನೆ ಕೂತರೆ ಅದರ ಅರ್ಧ ಇಳಿಯಲು ನಾಲ್ಕೈದು ತಾಸು ಬೇಕು. ಶುದ್ಧ ಆಕ್ಸಿಜನ್ ಕೊಟ್ಟರೆ ಒಂದು, ಒಂದೂವರೆ ತಾಸು ಸಾಕು. ನನ್ನ ಇಡೀ ಖರ್ಚು, ಇಡೀ ಹಟ ಈ ವ್ಯತ್ಯಾಸಕ್ಕೇ.

ನಮ್ಮ ಕಡೆ ಪದ್ಧತಿ ಬೇರೆ. ಹತ್ತಿಯ ದೂಳಿಗೆ ಬೆಲ್ಲ ತಿನ್ನುವ ರೂಢಿ ಇರುವುದರಿಂದ ಹೊಗೆಗೂ ಅದೇ ಮದ್ದು. ಒಬ್ಬ ಬೆಲ್ಲ ತರುತ್ತಾನೆ, ಇನ್ನೊಬ್ಬ ಹಾಲು, ಮತ್ತೊಬ್ಬ "ಸ್ವಲ್ಪ ಅಡ್ಡಾಡಸ್ರಿ, ಗಾಳಿ ಆಡತೈತಿ" ಅನ್ನುತ್ತಾನೆ. ಬೆಲ್ಲ ಹೋಗುವುದು ಹೊಟ್ಟೆಗೆ, ಹೊಗೆ ಹೋದದ್ದು ಪುಪ್ಪುಸಕ್ಕೆ. ಮಂಪರಿನಲ್ಲಿರುವವನಿಗೆ ಬಾಯಿಗೆ ಏನು ಹಾಕಿದರೂ ವಾಂತಿಯಾಗಿ ಶ್ವಾಸನಾಳಕ್ಕೆ ಇಳಿಯುವ ಭಯ. ಅಡ್ಡಾಡಿಸಿದರೆ ಇರುವ ಅಷ್ಟಿಷ್ಟು ಆಕ್ಸಿಜನ್ನೂ ಕಾಲಿಗೆ ಖರ್ಚು. ಹಾಗಾಗಿ ನಮ್ಮಲ್ಲಿ ಈಗ ಹೊಗೆಯಿಂದ ಬಂದವನನ್ನು ಬೆನ್ನಿಗೆ ಆನಿಕೆ ಕೊಟ್ಟು ನೆಟ್ಟಗೆ ಕೂರಿಸುತ್ತೇವೆ. ಬಾಯಿಗೆ ಏನೂ ಇಲ್ಲ.

ಮೊದಲು ದುಡ್ಡು ಎಲ್ಲೆಲ್ಲಿ ಹಾಳಾಯಿತು ಎಂಬುದನ್ನು ಹೇಳಿಬಿಡುತ್ತೇನೆ. ಕೋವಿಡ್ ಮುಗಿದ ಮೇಲೆ ಹುಬ್ಬಳ್ಳಿಯಲ್ಲಿ ಆಕ್ಸಿಜನ್ ಕಾನ್ಸಂಟ್ರೇಟರ್‌ಗಳು ಅಗ್ಗಕ್ಕೆ ಬಂದಿದ್ದವು. ನಿಮಿಷಕ್ಕೆ ಐದು ಲೀಟರ್ ಕೊಡುವುದೊಂದನ್ನು ಹದಿನೈದು ಸಾವಿರದ ಆಸುಪಾಸಿಗೆ ತಂದೆವು. ಬೆಂಕಿ ಬಿದ್ದಾಗ ಮೊದಲು ಮಾಡುವ ಕೆಲಸ ಮೇನ್ ಸ್ವಿಚ್ ಇಳಿಸುವುದು, ಈ ಯಂತ್ರಕ್ಕೋ ಕರೆಂಟ್ ಬೇಕು! ಜನರೇಟರ್ ಹಚ್ಚಿ ನೋಡಿದರೂ ಐದು ಲೀಟರಿಗೆ ಮಾಸ್ಕಿನ ಚೀಲ ತುಂಬುವುದೇ ಇಲ್ಲ, ಒಮ್ಮೆ ಉಸಿರು ಎಳೆದರೆ ಚಪ್ಪಟೆ. ಅದನ್ನು ಮಾಲಕರ ಸಂಬಂಧಿಕರ ಮನೆಗೆ ಕೊಟ್ಟುಬಿಟ್ಟೆವು.

ಆಮೇಲೆ ಬಿ ಟೈಪ್ ಸಿಲಿಂಡರ್ ಎರಡು. ಒಂದಕ್ಕೆ ಏಳು ಸಾವಿರದ ಹತ್ತಿರ, ರೆಗ್ಯುಲೇಟರ್ ಒಂದಕ್ಕೆ ಎರಡು ಸಾವಿರ, ಚೀಲ ಇರುವ ನಾನ್ ರಿಬ್ರೀದರ್ ಮಾಸ್ಕ್ ನೂರೈವತ್ತು ರೂಪಾಯಿ. ಒಂದು ಬಿ ಟೈಪಿನಲ್ಲಿ ಸುಮಾರು 1500 ಲೀಟರ್ ಇರುತ್ತದೆ, ನಿಮಿಷಕ್ಕೆ 15 ಲೀಟರಿನಂತೆ ಬಿಟ್ಟರೆ ಹೆಚ್ಚುಕಮ್ಮಿ ನೂರು ನಿಮಿಷ. ಫ್ಯಾಕ್ಟರಿಗೆ ಬರುವ ಡಾಕ್ಟರರೇ ಚೀಟಿ ಬರೆದುಕೊಟ್ಟರು, ಹಾಕುವುದನ್ನು ಕಲಿಸಿದವರೂ ಅವರೇ. ಮಾಲಕರಿಂದ ಚೆಕ್ ಬರೆಸಿಕೊಂಡದ್ದು ಹೇಗೆ, ರವಿವಾರ ರೀಫಿಲ್ ಎಲ್ಲಿ ಮಾಡಿಸುತ್ತೇನೆ, ಅದೆಲ್ಲ ನನ್ನ ಹತ್ತಿರವೇ ಇರಲಿ.

ಮ್ಯಾನೇಜರ್ ತಕರಾರು ಒಂದು ಮಾತ್ರ ತೂಕದ್ದಾಗಿತ್ತು: "ಹತ್ತಿ ಇರೋ ಜಾಗಾದಾಗ ಆಕ್ಸಿಜನ್ ಇಡ್ತೀರೇನ್ರಿ?" ಅದಕ್ಕೇ ಸಿಲಿಂಡರ್ ಇರುವುದು ಗೋದಾಮಿನಿಂದ ದೂರ, ಗೇಟಿನ ವಾಚ್‌ಮನ್ ಕೋಣೆಯಲ್ಲಿ, ಸರಪಳಿ ಹಾಕಿ ನಿಲ್ಲಿಸಿ. ನಮ್ಮ ಫಿಟ್ಟರ್ ಅದನ್ನು ಮುಟ್ಟುವ ಹಾಗಿಲ್ಲ. ಅವನ ಕೈಯಲ್ಲಿ ಯಾವಾಗಲೂ ಗ್ರೀಸ್, ಗ್ರೀಸಿಗೆ ಒತ್ತಡದ ಆಕ್ಸಿಜನ್ ತಾಗಿದರೆ ಕಡ್ಡಿ ಗೀರುವ ಅಗತ್ಯವಿಲ್ಲ, ತಾನಾಗಿಯೇ ಹತ್ತಿಕೊಳ್ಳಬಹುದು. ಇನ್ನೊಂದು, ಜಿನ್ನಿನವರಿಗೇ ಹೇಳುವ ಮಾತು: ಮಾಸ್ಕ್ ಇಡುವ ಮುಂಚೆ ಹೊಗೆ ಕುಡಿದವನ ಅಂಗಿ ಬಿಚ್ಚಿ ದೂರ ಎಸೆಯಿರಿ. ಕಾಲರಿನ ಮಡಿಕೆಯಲ್ಲಿ, ಕಿಸೆಯಲ್ಲಿ ಸಿಕ್ಕ ಹತ್ತಿಯ ಎಳೆ ಕೆಂಪಗೆ ಕನಲುತ್ತಿರುತ್ತದೆ. ಬರಿಗಣ್ಣಿಗೆ ಕಾಣುವುದಿಲ್ಲ, ಊದಿದರೆ ಹೊಳೆಯುತ್ತದೆ.

ರೆಗ್ಯುಲೇಟರಿನ ಜೊತೆ ನೀರಿನ ಬಾಟಲಿ ಬರುತ್ತದಲ್ಲ, ಅದು ಬಹಳ ಕಾಡಿತು. 15 ಲೀಟರಿಗೆ ತಿರುಗಿಸಿದ ಕೂಡಲೇ ಪೀಂ ಎಂದು ಕೂಗಿ ಗಾಳಿಯನ್ನೆಲ್ಲ ಪಕ್ಕಕ್ಕೆ ಬಿಡುತ್ತಿತ್ತು. ತಾಸೆರಡು ತಾಸಿನ ಕೆಲಸಕ್ಕೆ ಆ ಬಾಟಲಿ ಬೇಕಿಲ್ಲ ಎಂದು ಡಾಕ್ಟರ್ ಹೇಳಿದ ಮೇಲೆ ಅದನ್ನು ಕಳಚಿ, ಮಾಸ್ಕಿನ ನಳಿಗೆಯನ್ನು ನೇರ ಜೋಡಿಸುತ್ತಿದ್ದೇವೆ. ಮಾಸ್ಕ್ ಮುಖಕ್ಕೆ ಇಡುವ ಮೊದಲು ಒಳಗಿನ ರಬ್ಬರ್ ಬಿಲ್ಲೆಯ ಮೇಲೆ ಹೆಬ್ಬೆರಳು ಒತ್ತಿ ಹಿಡಿದರೆ ಚೀಲ ಉಬ್ಬುತ್ತದೆ. ಪೂರ್ತಿ ಉಬ್ಬಿದ ಮೇಲೆಯೇ ಇಡಬೇಕು.

ನಡುವೆ ಒಂದು ಪ್ರಯೋಗ ಮಾಡಿದೆ. "ಒದ್ದಿ ಟವೆಲ್ ಮುಖಕ್ಕ ಕಟ್ಟಿಕೊಂಡ್ರ ಏನೂ ಆಗಂಗಿಲ್ಲ" ಎಂದು ಹಮಾಲರ ನಂಬಿಕೆ. ಎರಡು ಸಾವಿರ ಕೊಟ್ಟು ಬ್ಯಾಟರಿಯ ಮೊನಾಕ್ಸೈಡ್ ಅಲಾರಂ ತಂದು, ಅಂಗಳದಲ್ಲಿ ಇದ್ದಿಲ ಶಿಗಡಿ ಹಚ್ಚಿ, ಅಲಾರಂ ಅನ್ನು ಸ್ಟೀಲ್ ಡಬ್ಬಿಯೊಳಗಿಟ್ಟು, ಬಾಯಿಗೆ ಒದ್ದೆ ಟವೆಲ್ ಬಿಗಿದು ಕೆಂಡದ ಮೇಲೆ ಬಗ್ಗಿಸಿ ಹಿಡಿದೆ. ಟವೆಲಿನ ಮೇಲೆ ಮಸಿ ಕೂತಿತು, ಅಂದರೆ ಮಸಿಯನ್ನು ಅದು ತಡೆದದ್ದು ನಿಜ. ಅಲಾರಂ ಮಾತ್ರ ಸ್ವಲ್ಪ ತಡವಾಗಿ ಆದರೂ ಕೂಗೇ ಕೂಗಿತು. ಹಮಾಲರೆಲ್ಲ ಸುತ್ತ ನಿಂತು ನೋಡಿದ್ದರು. ಅಂದಿನಿಂದ ಟವೆಲ್ ಕಟ್ಟಿಕೊಂಡು ಗೋದಾಮಿಗೆ ನುಗ್ಗುವ ಮಾತು ಅರ್ಧಕ್ಕರ್ಧ ನಿಂತಿದೆ.

ಪೂರ್ತಿ ನಿಂತಿಲ್ಲ ಎಂಬುದಕ್ಕೆ ಕಳೆದ ಸೀಜನ್ನಿನ ಆ ಸಂಜೆಯೇ ಸಾಕ್ಷಿ. ಗೋದಾಮಿನ ಮೂಲೆಯಲ್ಲಿ ಹೊಗೆ ಎದ್ದಾಗ ಇಬ್ಬರು ಬೇಲ್ ಎಳೆಯಲು ಒಳಗೆ ಹೋದರು. ಕೂಗಿ ಹೊರಗೆ ಕರೆಸುವಷ್ಟರಲ್ಲಿ ಹತ್ತು ನಿಮಿಷದ ಮೇಲಾಗಿತ್ತು. 112ಕ್ಕೂ 108ಕ್ಕೂ ಫೋನ್ ಹೋಯಿತು.

ಒಬ್ಬ ನಲವತ್ತರ ಹಮಾಲ. ಕೆಮ್ಮಿಲ್ಲ, ಗಾಯವಿಲ್ಲ. "ಏನೂ ಆಗಿಲ್ರೀ ಅಣ್ಣಾರ, ತಲಿ ಅಷ್ಟ ಸಿಡಿಯಾಕತ್ತೈತಿ" ಅಂದ, ಅಂದವನೇ ವಾಂತಿ ಮಾಡಿಕೊಂಡ. ಮಗಳ ಹೆಸರು ಕೇಳಿದರೆ ಯೋಚಿಸಿ ಹೇಳಿದ. ಅಷ್ಟೊತ್ತಿಗೆ ಯಾರೋ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿದರು: 98. ಅಲ್ಲಿ ಬಂದಿದ್ದ ಒಬ್ಬ ಕಂಪೌಂಡರ್, "ನಾರ್ಮಲ್ ಐತಿ, ಮನಿಗೆ ಕಳಸ್ರಿ" ಎಂದುಬಿಟ್ಟ. ಇಲ್ಲೇ ಮೋಸ ಇರುವುದು. ಆ ಯಂತ್ರ ನೋಡುವುದು ರಕ್ತದ ಕೆಂಪನ್ನು, ಮೊನಾಕ್ಸೈಡ್ ಅಂಟಿದ ರಕ್ತವೂ ಅದಕ್ಕೆ ಆಕ್ಸಿಜನ್ ತುಂಬಿದ ರಕ್ತದಂತೆಯೇ ಕಾಣುತ್ತದೆ. ಹೊಗೆ ಕುಡಿದವನಲ್ಲಿ ಅಂಕಿ ಕಡಿಮೆ ತೋರಿಸಿದರೆ ಗಾಬರಿಯಾಗಬೇಕು, ಚಲೋ ತೋರಿಸಿದರೆ ನೆಚ್ಚಬಾರದು. ನಾನು ಆಕ್ಸಿಮೀಟರ್ ಕಿತ್ತು ಕಿಸೆಗೆ ಹಾಕಿ, ಅವನಿಗೆ 15 ಲೀಟರ್ ಹಚ್ಚಿದೆ. ತಲೆನೋವು, ವಾಂತಿ, ತೊದಲು, ಕ್ಷಣ ಹೊತ್ತಿನ ಎಚ್ಚರ ತಪ್ಪುವಿಕೆ, ಎದೆನೋವು, ಇವುಗಳಲ್ಲಿ ಒಂದಿದ್ದರೂ ದವಾಖಾನೆಗೆ ಹೋಗಲೇಬೇಕು.

ಇನ್ನೊಬ್ಬ ಹುಡುಗ, ಚೂಟಿ, ನಗುತ್ತಲೇ ಇದ್ದ. ತಲೆನೋವು ಇಲ್ಲ. ಆದರೆ ಮೂಗಿನ ಕೂದಲು ಸುಟ್ಟು ಮುರುಟಿತ್ತು, ಉಗುಳಿದರೆ ಕಪ್ಪು ಮಸಿ, ದನಿ ಗೊಗ್ಗರಾಗಿತ್ತು. ಜೋರು ಉರಿ ಮುಖಕ್ಕೆ ಹೊಡೆದಾಗ ಬಿಸಿ ಗಾಳಿ ಎಳೆದುಕೊಂಡಿದ್ದ. ನನಗೆ ಹೆಚ್ಚು ಭಯವಾದದ್ದು ಇವನದೇ. ಗಂಟಲು ಒಳಗೆ ಸುಟ್ಟಿದ್ದರೆ ಬಾವು ಏರುವುದು ತಾಸುಗಳ ಮೇಲೆ. ಈಗ ಮಾತಾಡುತ್ತಿರುವವನಿಗೆ ರಾತ್ರಿ ಉಸಿರಿನ ದಾರಿಯೇ ಮುಚ್ಚಬಹುದು. ಉಸಿರು ಒಳಗೆ ಎಳೆಯುವಾಗ ಕೀಂಯ್ ಎಂಬ ಸದ್ದು ಬಂದರೆ, ಜೊಲ್ಲು ನುಂಗಲಾಗದೆ ಸುರಿದರೆ, ಆಂಬುಲೆನ್ಸಿಗೆ ಮತ್ತೊಮ್ಮೆ ಫೋನ್ ಮಾಡಿ ಅದನ್ನೇ ಹೇಳಬೇಕು. ಇವನಿಗೆ ಎರಡನೆಯ ಸಿಲಿಂಡರ್ ಹಚ್ಚಿದೆ. ಎರಡು ಯಾಕೆ ತಂದಿ ಅಂದಿದ್ದವರು ಅಲ್ಲೇ ನಿಂತಿದ್ದರು.

ಮಲಗಿಸುವುದು ಎಚ್ಚರ ತಪ್ಪಿ ಉಸಿರಾಡುತ್ತಿರುವವನನ್ನು ಮಾತ್ರ, ಅದೂ ಒಂದು ಮಗ್ಗುಲಿಗೆ, ಬಾಯಿ ಕೆಳಮುಖವಾಗಿ. ಉಸಿರೇ ಇಲ್ಲದಿದ್ದರೆ ಎದೆ ಒತ್ತುವುದು. ಅದನ್ನು ನೀವು ತರಬೇತಿಯಲ್ಲಿ ಕಲಿತಿದ್ದೀರಿ.

108 ಬರಲು ಮುಕ್ಕಾಲು ತಾಸಿನ ಹತ್ತಿರ ಹಿಡಿಯಿತು. ಅಷ್ಟರಲ್ಲಿ ಹಮಾಲನ ತಲೆನೋವು ಇಳಿದು "ಮಾಸ್ಕ್ ತಗೀರಿ, ಸಾಕು" ಎಂದು ಹಟ ಹಿಡಿದಿದ್ದ. ತೆಗೆಯಲಿಲ್ಲ. ಹುಬ್ಬಳ್ಳಿಗೆ ಮುಟ್ಟಿ ರಕ್ತ ಪರೀಕ್ಷೆ ಆದಾಗ ಮೊನಾಕ್ಸೈಡ್ ಇನ್ನೂ 15 ಪ್ರತಿಶತದ ಸುಮಾರಿಗಿತ್ತು. ಬೀಡಿ ಸೇದುವವರಲ್ಲೂ ಸಾಮಾನ್ಯವಾಗಿ ಹತ್ತರೊಳಗೆ ಇರಬೇಕಾದದ್ದು. ದಾರಿಯ ಆಕ್ಸಿಜನ್ ಲೆಕ್ಕ ಹಿಡಿದರೆ ಹೊರಡುವ ಮುಂಚೆ ಇದರ ದುಪ್ಪಟ್ಟು ಇದ್ದಿರಬೇಕು ಅಂದರು ಡಾಕ್ಟರ್, "ಅಲ್ಲೇ ಹಚ್ಚಿದ್ದು ಯಾರು?" ಎಂದು ಕೇಳಿದರು ಕೂಡ. ಆ ಮಾತನ್ನು ನಾನು ಮ್ಯಾನೇಜರಿಗೆ ಒಂದಲ್ಲ ಹತ್ತು ಸಲ ಹೇಳಿದ್ದೇನೆ. ಹುಡುಗನಿಗೆ ಬಾವು ಏರುವ ಮೊದಲೇ ಗಂಟಲಿಗೆ ನಳಿಗೆ ಹಾಕಿದರು. ಕೆಲವು ದಿನ ಐಸಿಯುನಲ್ಲಿದ್ದು ಮನೆಗೆ ಬಂದ.

ಅಂದು ಗೋದಾಮಿನ ಹತ್ತಿರ ಹತ್ತಿ ಆರಿಸುತ್ತಿದ್ದ ಒಬ್ಬ ಬಸುರಿಯನ್ನೂ ಅದೇ ಗಾಡಿಯಲ್ಲಿ ಕಳಿಸಿದೆ. ಆಕೆಗೆ ಏನೂ ಆಗಿರಲಿಲ್ಲ. ಆದರೆ ತಾಯಿ ಆರಾಮ ಇದ್ದರೂ ಕೂಸಿನ ರಕ್ತದಲ್ಲಿ ಮೊನಾಕ್ಸೈಡ್ ಹೆಚ್ಚು ಹೊತ್ತು ಉಳಿಯುತ್ತದೆ. ಮಕ್ಕಳು, ಮುದುಕರು, ಅಸ್ತಮಾ ಅಥವಾ ಹೃದಯದ ತೊಂದರೆ ಇದ್ದವರಿಗೂ ಇದೇ ನಿಯಮ. ಉಳಿದವರಲ್ಲಿ ಚಲೋ ಕಂಡು ಮನೆಗೆ ಹೋದವರಿಗೂ ಎರಡು ದಿನ ಫೋನ್ ಮಾಡಿ ಕೇಳುತ್ತೇನೆ, ಹೊಗೆಗೆ ಪುಪ್ಪುಸದಲ್ಲಿ ನೀರು ತುಂಬುವುದು ಮರುದಿನವೂ ಆಗಬಹುದು.

ಕಡೆಗೆ ಚೀಟಿ. ಆಂಬುಲೆನ್ಸ್ ಹುಡುಗರ ಕೈಗೆ ಒಂದು ಚೀಟಿ ಕೊಡುತ್ತೇವೆ: ಹೊಗೆಯಲ್ಲಿ ಎಷ್ಟು ಹೊತ್ತು ಇದ್ದ, ಎಷ್ಟು ಗಂಟೆಗೆ ಹೊರಬಂದ, ಎಚ್ಚರ ತಪ್ಪಿತ್ತೇ, ಆಕ್ಸಿಜನ್ ಎಷ್ಟು ಗಂಟೆಗೆ ಹಚ್ಚಿದ್ದು, ಏನು ಉರಿಯುತ್ತಿತ್ತು. ನಮ್ಮಲ್ಲಿ ಬರೀ ಹತ್ತಿ. ನಿಮ್ಮ ಗೋದಾಮಿನಲ್ಲಿ ಪ್ಲಾಸ್ಟಿಕ್ ಚೀಲ, ಫೋಮ್ ಇದ್ದರೆ ತಪ್ಪದೆ ಬರೆಯಿರಿ. ಫೋಮಿನಂಥವುಗಳ ಹೊಗೆಯಲ್ಲಿ ಸೈನೈಡ್ ಇರಬಹುದು, ಅದಕ್ಕೆ ಬೇರೆ ಔಷಧ. ಮಾಸ್ಕ್ ಕಟ್ಟಿದ ಗಂಟೆ ಬರೆಯದಿದ್ದರೆ ರಕ್ತದ ಅಂಕಿ ಕಡಿಮೆ ಬಂದದ್ದನ್ನು ನೋಡಿ ಅಲ್ಲಿಯ ಡಾಕ್ಟರ್ ಹೊಗೆ ಸ್ವಲ್ಪವೇ ಕುಡಿದಿದ್ದಾನೆ ಅಂದುಕೊಂಡಾರು. ಪೆನ್ನು, ಚೀಟಿಯ ಕಟ್ಟು ಎರಡನ್ನೂ ಸಿಲಿಂಡರಿನ ಕೊರಳಿಗೇ ದಾರದಿಂದ ಕಟ್ಟಿಟ್ಟಿದ್ದೇವೆ.